ಬಿಲ್ಲಿನ ಕೊನೆಯ ಎರಡು ಸಾಲು

ಬೆಂಗಳೂರಿನ ಪೀಣ್ಯದಲ್ಲಿರುವ ಸಣ್ಣ ಕಾರ್ಖಾನೆಯೊಂದು ಹೊಸೂರಿನ ಕಂಪನಿಗೆ ಶಾಫ್ಟ್ ಕಾಲರ್ ಮಾಡಿಕೊಡುತ್ತದೆ ಎಂದಿಟ್ಟುಕೊಳ್ಳೋಣ. 580 ಪೀಸು, ಪೀಸಿಗೆ 500 ರೂಪಾಯಿ, ಒಟ್ಟು 2,90,000. ತಮಿಳುನಾಡಿಗೆ ಹೋಗುವ ಮಾಲಾದ್ದರಿಂದ ಅದರ ಮೇಲೆ ಶೇ. 18ರಂತೆ 52,200 ರೂಪಾಯಿ ಐಜಿಎಸ್‌ಟಿ. ಎಲ್ಲ ಸೇರಿ 3,42,200. ಸಂಜೆ ಲಾರಿ ಹೊರಟ ಮೇಲೆ ಅಕೌಂಟ್ಸ್ ನೋಡಿಕೊಳ್ಳುವ ಹುಡುಗಿ ಬಿಲ್ಲನ್ನು ಪಿಡಿಎಫ್ ಮಾಡಿ ಇಮೇಲ್‌ನಲ್ಲಿ ಕಳಿಸುತ್ತಾಳೆ. ಮರುದಿನ ಬೆಳಿಗ್ಗೆ ಹೊಸೂರಿನವರ ಮೇಜಿನ ಮೇಲೆ ಅದೇ ಬಿಲ್ ಇದೆ. ನಂಬರ್ ಅದೇ, ದಿನಾಂಕ ಅದೇ, ಮೊತ್ತದಲ್ಲಿ ಒಂದು ಪೈಸೆಯ ವ್ಯತ್ಯಾಸವಿಲ್ಲ. ಬದಲಾಗಿರುವುದು ತೀರಾ ಕೆಳಗಿನ ಎರಡು ಸಾಲು ಮಾತ್ರ: ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್.

ಈ ಉದಾಹರಣೆ ಕಲ್ಪಿತ, ಆದರೆ ವಂಚನೆಯ ಈ ದಾರಿ ಚೆನ್ನಾಗಿ ಸವೆದದ್ದು. ಕಳ್ಳ ಮೊದಲು ಎರಡರಲ್ಲಿ ಒಂದು ಕಡೆಯವರ ಇಮೇಲ್ ಪಾಸ್‌ವರ್ಡ್ ಸಂಪಾದಿಸುತ್ತಾನೆ. ಆಮೇಲೆ ವಾರಗಟ್ಟಲೆ ಸುಮ್ಮನೆ ಪತ್ರ ಓದುತ್ತ ಕೂರುತ್ತಾನೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವ ತಾರೀಖಿಗೆ ಕೊಡುತ್ತಾರೆ, ಪತ್ರದಲ್ಲಿ ಹೇಗೆ ಮಾತಾಡುತ್ತಾರೆ ಎಂಬುದೆಲ್ಲ ಅವನಿಗೆ ಗೊತ್ತಾಗುತ್ತದೆ. ಬಿಲ್ ಹೊರಟ ದಿನ ಅದನ್ನು ನಡುವೆ ಹಿಡಿದು ಖಾತೆ ಸಂಖ್ಯೆ ತಿದ್ದಿ ಮುಂದಕ್ಕೆ ಕಳಿಸುತ್ತಾನೆ. ಕೊಳ್ಳುವವನಿಗೆ ಮಾಲು ಬಂದಿರುತ್ತದೆ, ಬಾಕಿ ಇರುವುದೂ ನಿಜವೇ, ಆದ್ದರಿಂದ ಅನುಮಾನಕ್ಕೆ ಆಸ್ಪದವೇ ಇಲ್ಲ. ಹಣ ಬರಲಿಲ್ಲವೆಂದು ಮಾರಿದವನು ತಿಂಗಳ ನಂತರ ಫೋನ್ ಮಾಡಿದಾಗಲೇ ಮೋಸ ಹೊರಬೀಳುವುದು.

ದೊಡ್ಡ ಕಂಪನಿಗಳೂ ಬಿಲ್ಲಿನ ಮೋಸಕ್ಕೆ ಸಿಕ್ಕಿವೆ. ಲಿಥುವೇನಿಯಾದ ಎವಾಲ್ದಾಸ್ ರಿಮಾಸೌಸ್ಕಾಸ್ ಎಂಬಾತ ತೈವಾನಿನ ಕ್ವಾಂಟಾ ಕಂಪ್ಯೂಟರ್ ಎಂಬ ಕಂಪನಿಯ ಹೆಸರನ್ನೇ ಇಟ್ಟು ಬೇರೊಂದು ಕಂಪನಿ ನೋಂದಾಯಿಸಿದ. ಆ ಹೆಸರಿನಲ್ಲಿ ಸುಳ್ಳು ಬಿಲ್, ಸುಳ್ಳು ಕರಾರುಪತ್ರ ಕಳಿಸಿ 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್‌ನಿಂದ 12 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿದ. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಸೆರೆವಾಸ ವಿಧಿಸಿತು. ಅವನ ಕಾಗದಗಳಲ್ಲೂ ಸಹಿಯಿತ್ತು, ಮೊಹರಿತ್ತು. ಎರಡೂ ಚಿತ್ರಗಳಷ್ಟೇ.

ಹೊಸೂರಿನ ಮೇಜಿನ ಮೇಲಿರುವ ಬಿಲ್ಲನ್ನು ಈಗ ಹತ್ತಿರದಿಂದ ನೋಡೋಣ. ಅದರ ಮೇಲೆ ರಕ್ಷಣೆಯಂತೆ ಕಾಣುವ ಹಲವು ಗುರುತುಗಳಿವೆ.

ಮೊದಲನೆಯದು, ಅಡಿಯಲ್ಲಿ ಅಚ್ಚಾಗಿರುವ "ಇದು ಕಂಪ್ಯೂಟರ್‌ನಲ್ಲಿ ತಯಾರಾದ ಬಿಲ್, ಸಹಿ ಬೇಕಿಲ್ಲ" ಎಂಬ ಸಾಲು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಜಿಎಸ್‌ಟಿ ನಿಯಮ 46 ಬಿಲ್ಲಿನ ಮೇಲೆ ಮಾರಾಟಗಾರನ ಸಹಿ ಇಲ್ಲವೇ ಡಿಜಿಟಲ್ ಸಹಿ ಇರಬೇಕು ಎನ್ನುತ್ತದೆ. ಆದರೆ 2018ರ ಡಿಸೆಂಬರ್ ಕೊನೆಯಲ್ಲಿ ಬಂದ ತಿದ್ದುಪಡಿ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಅನುಗುಣವಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟ ಬಿಲ್ಲಿಗೆ ಸಹಿಯ ಅಗತ್ಯವಿಲ್ಲ ಎಂದಿತು. ತೆರಿಗೆ ಅಧಿಕಾರಿಗೆ ಅಷ್ಟು ಸಾಕು. ಹಣ ಕಳಿಸುವವನಿಗೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು.

ಎರಡನೆಯದು ಪಾಸ್‌ವರ್ಡ್. ನಮ್ಮಲ್ಲಿ ಇದರ ಬಗ್ಗೆ ಇರುವ ತಪ್ಪು ತಿಳಿವಳಿಕೆ ತುಂಬ ಗಟ್ಟಿಯಾದದ್ದು. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಹಾಕಬಹುದು. ಒಂದು ತೆರೆಯುವುದಕ್ಕೆ, ಬ್ಯಾಂಕ್ ಸ್ಟೇಟ್‌ಮೆಂಟಿಗೆ ಜನ್ಮದಿನಾಂಕ ಕೇಳುವ ಹಾಗೆ. ಅದು ಒಳಗಿನ ವಿಷಯವನ್ನು ಬೇರೆಯವರ ಕಣ್ಣಿಂದ ಮರೆಮಾಡುತ್ತದೆ, ಅಷ್ಟೇ. ಪಾಸ್‌ವರ್ಡ್ ಗೊತ್ತಿರುವವನು ತೆರೆದು, ತಿದ್ದಿ, ಅದೇ ಪಾಸ್‌ವರ್ಡ್ ಹಾಕಿ ಮತ್ತೆ ಮುಚ್ಚಬಹುದು. ಇಮೇಲ್ ಓದುತ್ತ ಕೂತವನಿಗೆ ಪಾಸ್‌ವರ್ಡ್ ಕೂಡ ಅದೇ ಪತ್ರದಲ್ಲೋ ಹಿಂದಿನ ಪತ್ರದಲ್ಲೋ ಸಿಕ್ಕಿರುತ್ತದೆ. ಇನ್ನೊಂದು ಬಗೆಯದು "ತಿದ್ದಬಾರದು, ಪ್ರಿಂಟ್ ತೆಗೆಯಬಾರದು" ಎಂಬ ನಿರ್ಬಂಧದ ಪಾಸ್‌ವರ್ಡ್. ಈ ಕಡತ ಯಾರಿಗಾದರೂ ತೆರೆಯುತ್ತದೆ, ತಿದ್ದಲು ಹೋದರೆ ತಡೆಯುತ್ತದೆ. ಆದರೆ ತಡೆಯುವುದು ಕಡತವಲ್ಲ, ಅದನ್ನು ತೆರೆದ ಸಾಫ್ಟ್‌ವೇರ್. "ದಯವಿಟ್ಟು ತಿದ್ದಬೇಡಿ" ಎಂದು ಕಡತದೊಳಗೆ ಒಂದು ಸೂಚನೆ ಇರುತ್ತದೆ, ಅದಕ್ಕೆ ಮರ್ಯಾದೆ ಕೊಡುವುದು ಬಿಡುವುದು ಸಾಫ್ಟ್‌ವೇರಿಗೆ ಬಿಟ್ಟದ್ದು. ಕೊಡದ ಉಚಿತ ಸಾಧನಗಳು ಎಷ್ಟೋ ಇವೆ. ನಿರ್ಬಂಧ ಕಿತ್ತುಹಾಕಿದ್ದಕ್ಕೆ ಕಡತದಲ್ಲಿ ಕುರುಹು ಕೂಡ ಉಳಿಯುವುದಿಲ್ಲ.

ಮೂರನೆಯದು ಬಿಲ್ಲಿನ ಮೂಲೆಯಲ್ಲಿರುವ ದೊಡ್ಡ ಕ್ಯೂಆರ್ ಕೋಡ್. ವಾರ್ಷಿಕ ವಹಿವಾಟು 5 ಕೋಟಿ ದಾಟಿದ ಉದ್ದಿಮೆಗಳು 2023ರ ಆಗಸ್ಟ್ 1ರಿಂದ ಇತರ ನೋಂದಾಯಿತ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಮೊದಲು ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲಿಗೆ ಸಲ್ಲಿಸಬೇಕು. ಪೋರ್ಟಲ್ ಅದಕ್ಕೆ 64 ಅಕ್ಷರಗಳ ಒಂದು ಐಆರ್‌ಎನ್ ಸಂಖ್ಯೆ ಕೊಟ್ಟು, ತನ್ನ ಡಿಜಿಟಲ್ ಸಹಿ ಇರುವ ಕ್ಯೂಆರ್ ಕೋಡನ್ನು ಹಿಂದಿರುಗಿಸುತ್ತದೆ. ಈ ಕೋಡ್ ನಿಜವಾದ ಮುದ್ರೆ, ಅದನ್ನು ಕಳ್ಳ ಹುಟ್ಟಿಸಲಾರ. ಸರ್ಕಾರಿ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಮಾರಿದವನ ಮತ್ತು ಕೊಂಡವನ ಜಿಎಸ್‌ಟಿ ನಂಬರ್, ಬಿಲ್ ನಂಬರ್, ದಿನಾಂಕ, ಒಟ್ಟು ಮೊತ್ತ, ಎಷ್ಟು ಬಗೆಯ ಸರಕು, ಮುಖ್ಯ ಸರಕಿನ ಎಚ್‌ಎಸ್‌ಎನ್ ಕೋಡ್, ಐಆರ್‌ಎನ್ ಮತ್ತು ಅದರ ತಾರೀಖು ಕಾಣಿಸುತ್ತವೆ. ಮೊತ್ತವನ್ನು 3,42,200ರಿಂದ 8,42,200 ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆದರೆ ಕಳ್ಳ ಮೊತ್ತ ಮುಟ್ಟಿಲ್ಲ. ಕ್ಯೂಆರ್ ಕೋಡಿನೊಳಗಿರುವ ಆ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಕೊರತೆ ಕಾಣುತ್ತದೆ: ಬ್ಯಾಂಕ್ ಖಾತೆ ಅದರಲ್ಲಿ ಇಲ್ಲ. ಅದು ತೆರಿಗೆಗಾಗಿ ಕಟ್ಟಿದ ವ್ಯವಸ್ಥೆ, ತೆರಿಗೆಗೆ ಖಾತೆ ಸಂಖ್ಯೆ ಬೇಕಾಗುವುದಿಲ್ಲ. ಹಾಗಾಗಿ ನಮ್ಮ ಹೊಸೂರಿನ ಬಿಲ್ಲಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಎಲ್ಲವೂ ಸರಿ ಎಂದೇ ಬರುತ್ತದೆ. ಸರಿಯಾಗಿಯೂ ಇದೆ. ತಿದ್ದಿದ ಬಿಲ್ಲಿಗೆ ಸರ್ಕಾರದ ಅಸಲಿ ಮುದ್ರೆ ಅಂಟಿಕೊಂಡೇ ಇರುವುದರಿಂದ ನೋಡುವವನ ನಂಬಿಕೆ ಇನ್ನಷ್ಟು ಹೆಚ್ಚುತ್ತದೆ. ಕ್ಯೂಆರ್ ಪರೀಕ್ಷೆ ಮಾಡಿದೆವು ಎಂಬ ಧೈರ್ಯದ ಮೇಲೆ ಹಣ ಕಳಿಸುವ ಕಚೇರಿಗಳು ಈ ಒಂದು ಸಂಗತಿಯನ್ನು ಗಮನಿಸಲೇಬೇಕು.

ಇಡೀ ಹಾಳೆಯನ್ನು, ಕೊನೆಯ ಎರಡು ಸಾಲನ್ನೂ ಸೇರಿಸಿ, ಕಾಯುವುದು ಪಿಡಿಎಫ್ ಒಳಗೆ ಹಾಕುವ ಡಿಜಿಟಲ್ ಸಹಿ ಒಂದೇ.

ಅದು ಕೆಲಸ ಮಾಡುವ ಬಗೆ ಹೀಗೆ. ಸಹಿ ಹಾಕುವ ಸಾಫ್ಟ್‌ವೇರ್ ಮೊದಲು ಕಡತದ ನಡುವೆ ಒಂದು ಖಾಲಿ ಜಾಗ ಬಿಡುತ್ತದೆ. ಆ ಜಾಗ ಬಿಟ್ಟು ಉಳಿದ ಪ್ರತಿಯೊಂದು ಬೈಟನ್ನೂ ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರದೊಳಗೆ ಹಾಯಿಸುತ್ತದೆ. ಕಡತ ಎಷ್ಟೇ ದೊಡ್ಡದಿರಲಿ, ಹೊರಬರುವುದು 256 ಬಿಟ್‌ಗಳ ಒಂದು ಸಂಖ್ಯೆ. ಇದನ್ನು ಕಡತದ ಬೆರಳಚ್ಚು ಎನ್ನಬಹುದು. ಖಾತೆ ಸಂಖ್ಯೆಯ ಒಂದು ಅಂಕಿ 4 ಇದ್ದದ್ದು 5 ಆದರೂ ಬೆರಳಚ್ಚಿನ ಹೆಚ್ಚುಕಡಿಮೆ ಅರ್ಧದಷ್ಟು ಬಿಟ್‌ಗಳು ಬದಲಾಗಿ, ಮೊದಲಿನದಕ್ಕೂ ಇದಕ್ಕೂ ಏನೇನೂ ಹೋಲಿಕೆ ಉಳಿಯುವುದಿಲ್ಲ. ಮಾರಾಟಗಾರನ ಬಳಿಯಿರುವ ಗುಟ್ಟಿನ ಕೀಲಿಯಿಂದ ಈ ಬೆರಳಚ್ಚಿಗೆ ಸಹಿ ಬೀಳುತ್ತದೆ. ಆ ಸಹಿ ಮತ್ತು ಸಹಿ ಹಾಕಿದವರು ಯಾರೆಂದು ಹೇಳುವ ಪ್ರಮಾಣಪತ್ರ ಎರಡೂ ಬಿಟ್ಟ ಜಾಗದೊಳಗೆ ಕೂರುತ್ತವೆ. ಪಡೆದವನ ಸಾಫ್ಟ್‌ವೇರ್ ತಾನೂ ಬೆರಳಚ್ಚು ತೆಗೆದು, ಪ್ರಮಾಣಪತ್ರದಲ್ಲಿರುವ ಬಹಿರಂಗ ಕೀಲಿಯಿಂದ ಸಹಿಯೊಡನೆ ತಾಳೆ ನೋಡುತ್ತದೆ. ಬಹಿರಂಗ ಕೀಲಿಯಿಂದ ಪರೀಕ್ಷೆ ಮಾಡಬಹುದೇ ಹೊರತು ಹೊಸ ಸಹಿ ಹಾಕಲು ಬರುವುದಿಲ್ಲ.

ನಮ್ಮ ಪೀಣ್ಯದ ಬಿಲ್ 84,000 ಬೈಟ್ ಇದೆ ಎನ್ನೋಣ. ಅದನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಕಸದಂತೆ ಕಾಣುವ ಅಕ್ಷರಗಳ ನಡುವೆ ಇಂಥದೊಂದು ಸಾಲು ಸಿಗುತ್ತದೆ:

```
/ByteRange [0 61200 77586 6414]
```

ಓದುವುದು ಸುಲಭ. ಮೊದಲ ಬೈಟಿನಿಂದ 61,200 ಬೈಟ್ ಸಹಿಯ ವ್ಯಾಪ್ತಿಯಲ್ಲಿವೆ. ನಂತರ ಸಹಿ ಕೂತಿರುವ ಜಾಗ. ಮತ್ತೆ 77,586ರಿಂದ ಮುಂದಿನ 6,414 ಬೈಟ್. ಕೊನೆಯ ಎರಡನ್ನು ಕೂಡಿದರೆ 84,000, ಅಂದರೆ ಸರಿಯಾಗಿ ಕಡತದ ಕೊನೆ. ಸಹಿಯ ಜಾಗವೊಂದನ್ನು ಬಿಟ್ಟು ಯಾವ ಬೈಟೂ ಹೊರಗೆ ಉಳಿದಿಲ್ಲ. ಈ ಕೂಡುವ ಲೆಕ್ಕ ಮುಂದೆ ಒಂದು ಕಡೆ ಉಪಯೋಗಕ್ಕೆ ಬರುತ್ತದೆ.

ಗುಟ್ಟಿನ ಕೀಲಿ ಇರುವುದು ಡಿಎಸ್‌ಸಿ ಟೋಕನ್ ಎಂದು ಎಲ್ಲರೂ ಕರೆಯುವ, ಪೆನ್‌ಡ್ರೈವಿನಂಥ ಯುಎಸ್‌ಬಿ ಸಾಧನದಲ್ಲಿ. ಕೀಲಿ ಅದರೊಳಗೇ ಹುಟ್ಟುತ್ತದೆ, ನಕಲು ಮಾಡಿ ಹೊರಗೆ ತೆಗೆಯಲು ಬರುವುದಿಲ್ಲ. ಪಿನ್ ಒತ್ತಿದರೆ ಸಹಿಯ ಲೆಕ್ಕ ಒಳಗೇ ನಡೆದು ಉತ್ತರ ಮಾತ್ರ ಹೊರಬರುತ್ತದೆ. ಇದನ್ನು ಕೊಡುವುದು ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್, ಅಂದರೆ ಸಿಸಿಎ ಎಂಬ ಕೇಂದ್ರ ಸರ್ಕಾರದ ಕಚೇರಿಯಿಂದ ಪರವಾನಗಿ ಪಡೆದ ಸಂಸ್ಥೆಗಳು. ಬೆಂಗಳೂರಿನ ಇಮುದ್ರಾ ಅವುಗಳಲ್ಲಿ ಒಂದು. ಹಿಂದೆ ಕ್ಲಾಸ್ 2, ಕ್ಲಾಸ್ 3 ಎಂದು ಎರಡು ದರ್ಜೆ ಇದ್ದವು. 2021ರ ಜನವರಿ 1ರಿಂದ ಹೊಸ ಕ್ಲಾಸ್ 2 ಕೊಡುವುದು ನಿಂತಿದೆ.

ಸಹಿ ಇಷ್ಟು ಗಟ್ಟಿಯಾಗಿದ್ದರೆ ಹೊಸೂರಿನವರು ಮೋಸ ಹೋಗುವುದು ಹೇಗೆ? ಉತ್ತರ ಸರಳ, ಮತ್ತು ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಅದೇ. ಕಳ್ಳ ಸಹಿಯನ್ನು ಮುರಿಯುವ ಗೋಜಿಗೇ ಹೋಗುವುದಿಲ್ಲ. ತೆಗೆದುಬಿಡುತ್ತಾನೆ.

ವಿಮೆ ಮಾಡಿದ ಅಂಚೆ ಪಾರ್ಸಲ್ಲಿಗೆ ಅರಗಿನ ಮುದ್ರೆ ಒತ್ತುತ್ತಿದ್ದುದನ್ನು ಹಳಬರು ನೋಡಿದ್ದಾರೆ. ಅರಗು ಒಡೆದಿದ್ದರೆ ಪಡೆಯುವವನು ತಕರಾರು ಮಾಡುತ್ತಿದ್ದ. ಒಳಗಿನ ವಸ್ತುವನ್ನು ಅರಗೇ ಇಲ್ಲದ ಬೇರೆ ಪೊಟ್ಟಣದಲ್ಲಿ ಕಟ್ಟಿ ಕಳಿಸಿದರೆ? ಅರಗು ಇರಬೇಕಿತ್ತು ಎಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಅನುಮಾನ ಬಂದೀತು. ಪಿಡಿಎಫ್‌ನಲ್ಲೂ ಹಾಗೆಯೇ. ಸಹಿಯಾದ ಕಡತದ ಅಂಕಿ ತಿದ್ದಿ ಉಳಿಸಿದರೆ ಅಡೋಬ್ ರೀಡರ್ ಕೆಂಪು ಗುರುತು ಹಾಕಿ ಕೂಗಿಕೊಳ್ಳುತ್ತದೆ. ಆದರೆ ಅದನ್ನು "ಪ್ರಿಂಟ್ ಟು ಪಿಡಿಎಫ್" ಮೂಲಕ ಹೊಸ ಕಡತವಾಗಿ ತೆಗೆದು ತಿದ್ದಿದರೆ ಅದರಲ್ಲಿ ಸಹಿಯೇ ಇರುವುದಿಲ್ಲ. ಸಹಿ ಇಲ್ಲದ ಕಡತವನ್ನು ರೀಡರ್ ಎಲ್ಲ ಸಾಮಾನ್ಯ ಕಡತದಂತೆ ಸುಮ್ಮನೆ ತೆರೆಯುತ್ತದೆ. ಯಾವ ಎಚ್ಚರಿಕೆಯೂ ಇಲ್ಲ.

ಅಷ್ಟೇ ಅಲ್ಲ, ಹಾಳೆಯ ಮೇಲಿನ "Digitally signed by" ಎಂಬ ಚೌಕ, ಅದರ ಮೇಲಿನ ಹಸಿರು ಟಿಕ್, ಕೆಳಗಿನ ತಾರೀಖು, ಸಮಯ ಎಲ್ಲವೂ ಹೊಸ ಕಡತದಲ್ಲಿ ಚಿತ್ರವಾಗಿ ಹಾಗೇ ಉಳಿದಿರುತ್ತವೆ. ಆ ಚೌಕ ನೋಡುವವರ ಕಣ್ಣಿಗಾಗಿ ಬರೆದ ಅಲಂಕಾರ. ಸಹಿ ಇರುವುದು ಕಡತದ ಒಳಗೆ, ಕಾಣದ ಜಾಗದಲ್ಲಿ. ಆದ್ದರಿಂದ ಹಾಳೆಯ ಮೇಲಿನ ಟಿಕ್ ನೋಡಿ ಒಪ್ಪುವುದು ಎಂದೂ ಪರೀಕ್ಷೆಯಾಗುವುದಿಲ್ಲ. ಅಡೋಬ್ ರೀಡರಿನಲ್ಲಿ ಹಾಳೆಯ ಹೊರಗೆ, ಮೇಲ್ಭಾಗದಲ್ಲಿ ಒಂದು ಪಟ್ಟಿ ಮೂಡಬೇಕು. ಪಕ್ಕದ ಸಿಗ್ನೇಚರ್ ಪ್ಯಾನಲ್‌ನಲ್ಲಿ ಸಹಿ ಮಾಡಿದವರ ಹೆಸರು ಬರಬೇಕು. ಫೋನಿನಲ್ಲಿ ಇಮೇಲ್‌ನ ಪ್ರಿವ್ಯೂ ಒತ್ತಿದಾಗ ಅಥವಾ ಬ್ರೌಸರಿನಲ್ಲೇ ತೆರೆದಾಗ ಬಹುಮಟ್ಟಿಗೆ ಈ ಪರೀಕ್ಷೆ ನಡೆಯುವುದೇ ಇಲ್ಲ. ಅವು ಹಾಳೆಯನ್ನು ಬಿಡಿಸಿ ತೋರಿಸುತ್ತವೆ, ಸಹಿಯ ಕಡೆ ನೋಡುವುದಿಲ್ಲ.

ಪಡೆಯುವವರ ಕಡೆ ಬೇಕಾದದ್ದು ಒಂದು ಸಣ್ಣ ಪಟ್ಟಿ: ನಮಗೆ ಯಾರ್ಯಾರು ಸಹಿ ಹಾಕಿದ ಬಿಲ್ ಕಳಿಸುತ್ತಾರೆ, ಯಾರ ಹೆಸರಿನಲ್ಲಿ. ಪೀಣ್ಯದಿಂದ ಹಿಂದಿನ ಹದಿನೈದು ಬಿಲ್ಲೂ ಸಹಿಯೊಡನೆ ಬಂದು ಹದಿನಾರನೆಯದು ಸಹಿಯಿಲ್ಲದೆ ಬಂದರೆ, ಅದನ್ನು ಸಹಿ ಮುರಿದ ಬಿಲ್ಲಿನಷ್ಟೇ ಗಂಭೀರವಾಗಿ ನೋಡಬೇಕು. ಇದನ್ನು ಯಾವ ಸಾಫ್ಟ್‌ವೇರೂ ತಾನಾಗಿ ಹೇಳುವುದಿಲ್ಲ.

ಇನ್ನು ಹಳದಿ ಪ್ರಶ್ನಾರ್ಥಕ ಚಿಹ್ನೆಯ ವಿಷಯ. ಇ-ಆಧಾರ್ ಡೌನ್‌ಲೋಡ್ ಮಾಡಿ ತೆರೆದ ಲಕ್ಷಾಂತರ ಜನ ಅದನ್ನು ನೋಡಿದ್ದಾರೆ: ಸಹಿಯ ಜಾಗದಲ್ಲಿ "Validity unknown" ಎಂದು. ಕಾರಣವಿಷ್ಟೇ. ಅಡೋಬ್ ರೀಡರ್ ತನ್ನ ನಂಬಿಕಸ್ತರ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಸಹಿಯ ಮೂಲ ಹುಡುಕುತ್ತ ಹೋದಾಗ ಭಾರತದ ಸಿಸಿಎ ಸಿಗುತ್ತದೆ, ಆ ಕಂಪ್ಯೂಟರಿನ ಪಟ್ಟಿಯಲ್ಲಿ ಅದರ ಹೆಸರು ಇರುವುದಿಲ್ಲ. ಕಡತ ಬದಲಾಗಿಲ್ಲ ಎಂದು ರೀಡರಿಗೆ ಗೊತ್ತು. ಸಹಿ ಹಾಕಿದವರು ಯಾರೆಂದು ಖಾತರಿ ಕೊಡಲಾರೆ ಎನ್ನುತ್ತದೆ.

ಜನ ಇದಕ್ಕೆ ಕಂಡುಕೊಂಡ ಉಪಾಯ ಸಹಿಯ ಮೇಲೆ ಒತ್ತಿ, ಒಳಗೆ ಹೋಗಿ, "Add to Trusted Certificates" ಎನ್ನುವುದು. ಹಳದಿ ಹೋಗಿ ಹಸಿರು ಬರುತ್ತದೆ. ಸೈಬರ್ ಸೆಂಟರಿನವರಿಂದ ಹಿಡಿದು ಕಚೇರಿಗಳವರೆಗೆ ಎಲ್ಲರೂ ಇದನ್ನೇ ಹೇಳಿಕೊಡುತ್ತಾರೆ. ಬಿಲ್ಲಿನ ವಿಷಯದಲ್ಲಿ ಈ ಅಭ್ಯಾಸ ಅಪಾಯಕಾರಿ. ಏಕೆಂದರೆ ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ, ಯಾವ ಸಂಸ್ಥೆಯ ಹಂಗೂ ಇಲ್ಲದೆ, ಪೀಣ್ಯದ ಕಾರ್ಖಾನೆಯ ಹೆಸರಿನಲ್ಲೇ ಒಂದು ಪ್ರಮಾಣಪತ್ರವನ್ನು ಎರಡು ನಿಮಿಷದಲ್ಲಿ ಮಾಡಿಕೊಂಡು ಸಹಿ ಹಾಕಬಹುದು. ಆ ಸುಳ್ಳು ಸಹಿಗೂ ರೀಡರ್ ತೋರಿಸುವುದು ಅದೇ ಹಳದಿ ಚಿಹ್ನೆ. ಅದೇ ಗುಂಡಿ ಒತ್ತಿದರೆ ಅದೂ ಹಸಿರಾಗುತ್ತದೆ. ಅಸಲಿ ಮತ್ತು ನಕಲಿ ಎರಡೂ ಒಂದೇ ಮುಖ ಹೊತ್ತು ಬಂದಾಗ ಎರಡನ್ನೂ ಕಣ್ಣುಮುಚ್ಚಿ ಒಪ್ಪುವುದನ್ನು ನಾವು ನಮ್ಮ ಜನರಿಗೆ ಕಲಿಸಿಟ್ಟಿದ್ದೇವೆ.

ಸರಿಯಾದ ದಾರಿ ಒಂದೇ ಬಾರಿ ಮಾಡುವಂಥದ್ದು. ಒಬ್ಬೊಬ್ಬ ಸಹಿದಾರನನ್ನು ನಂಬಿಕಸ್ತರ ಪಟ್ಟಿಗೆ ಸೇರಿಸುವ ಬದಲು ಮೂಲವನ್ನೇ ಸೇರಿಸಬೇಕು. ಸಿಸಿಎಯ ಅಧಿಕೃತ ತಾಣ `cca.gov.in` ನಿಂದ `CCA India 2022` ಎಂಬಂಥ ಹೆಸರಿನ ಮೂಲ ಪ್ರಮಾಣಪತ್ರ ಇಳಿಸಿಕೊಂಡು, ಅದರ ಬೆರಳಚ್ಚು ತಾಣದಲ್ಲಿ ಹೇಳಿದ್ದಕ್ಕೆ ಹೊಂದುತ್ತದೆಯೇ ನೋಡಿ, ರೀಡರಿನ ಪಟ್ಟಿಗೆ ಹಾಕಬೇಕು. ಹಳೆಯ ಸಹಿಗಳಿಗೆ ಹಳೆಯ ಮೂಲವೂ ಬೇಕಾದೀತು. ಆ ಮೇಲೆ ಪರವಾನಗಿ ಇರುವ ಸಂಸ್ಥೆ ಕೊಟ್ಟ ಸಹಿಗಳೆಲ್ಲ ತಾವಾಗಿ ಹಸಿರಾಗುತ್ತವೆ. ಆಗ ಹಳದಿ ಬಂದರೆ ಅದಕ್ಕೊಂದು ಅರ್ಥವಿರುತ್ತದೆ.

ಹಸಿರು ಬಂದರೂ ಹೆಸರು ಓದಲೇಬೇಕು. ಕಳ್ಳನೂ ತನ್ನದೇ ಹೆಸರಿನಲ್ಲಿ ಅಥವಾ ಬಾಡಿಗೆಗೆ ಸಿಕ್ಕ ಬೇರೆಯವರ ಹೆಸರಿನಲ್ಲಿ ನಿಜವಾದ ಡಿಎಸ್‌ಸಿ ತಂದು ಬಿಲ್ಲಿಗೆ ಸಹಿ ಹಾಕಬಲ್ಲ. ಸಹಿ ಸರಿಯಾಗಿದೆ ಎಂದರೆ "ಇಂಥವರು ಹಾಕಿದ್ದಾರೆ, ಆಮೇಲೆ ಬದಲಾಗಿಲ್ಲ" ಎಂದಷ್ಟೇ. ಆ ಇಂಥವರು ನಮ್ಮ ಮಾರಾಟಗಾರರೇ ಹೌದೇ ಎಂದು ನೋಡುವ ಕೆಲಸ ಮನುಷ್ಯನದು.

ಕಡತವೇ ಬದಲಾಗಿದ್ದರೂ ಸಾಫ್ಟ್‌ವೇರ್ ಹಸಿರು ತೋರಿಸಿದ ಕಾಲವೂ ಇತ್ತು. ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಕೆಲಸ ಈ ಕ್ಷೇತ್ರದವರನ್ನು ಬೆಚ್ಚಿಬೀಳಿಸಿತು. ಪಿಡಿಎಫ್‌ಗೆ ಒಂದು ಗುಣವಿದೆ: ಹಳೆಯ ಬರಹವನ್ನು ಮುಟ್ಟದೆ, ಕಡತದ ಕೊನೆಗೆ ಹೊಸ ತುಂಡು ಸೇರಿಸಿ "ಆ ಹಾಳೆಯ ಬದಲು ಇದನ್ನು ತೋರಿಸು" ಎನ್ನಬಹುದು. ಒಬ್ಬರ ಸಹಿಯ ಮೇಲೆ ಇನ್ನೊಬ್ಬರು ಸಹಿ ಹಾಕಲು ಈ ಗುಣ ಬೇಕೇ ಬೇಕು. ನಮ್ಮ 84,000 ಬೈಟಿನ ಬಿಲ್ಲಿಗೆ ಕಳ್ಳ 900 ಬೈಟ್ ಸೇರಿಸಿದ ಎನ್ನಿ. ಸಹಿಯ ವ್ಯಾಪ್ತಿಯ ಬೈಟ್‌ಗಳು ಹಾಗೇ ಇವೆ, ಬೆರಳಚ್ಚು ತಾಳೆಯಾಗುತ್ತದೆ. ಆದರೆ ಪರದೆಯ ಮೇಲೆ ಕಾಣುವ ಹಾಳೆ ಹೊಸದು. ಒಳ್ಳೆಯ ಸಾಫ್ಟ್‌ವೇರ್ ಇದನ್ನು ಹಿಡಿದು ಹೇಳಬೇಕು. ಸಂಶೋಧಕರು ಇದೂ ಸೇರಿದಂತೆ ಮೂರು ಬಗೆಯ ಉಪಾಯಗಳನ್ನು 22 ಪಿಡಿಎಫ್ ಸಾಫ್ಟ್‌ವೇರ್‌ಗಳ ಮೇಲೆ ಪ್ರಯೋಗಿಸಿದಾಗ 21 ಒಂದಲ್ಲ ಒಂದಕ್ಕೆ ಮೋಸಹೋದವು. ತಯಾರಕರಿಗೆ ಮೊದಲೇ ತಿಳಿಸಿದ್ದರಿಂದ ಬಹಳ ಮಂದಿ ತಿದ್ದಿದ ಆವೃತ್ತಿ ಹೊರತಂದರು. ಹಳೆಯ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಹಿಂದಿನ ರೀಡರ್ ಇಟ್ಟುಕೊಂಡಿರುವ ಅಕೌಂಟ್ಸ್ ವಿಭಾಗಕ್ಕೆ ಆ ತಿದ್ದುಪಡಿ ತಲುಪಿಲ್ಲ.

ಅನುಮಾನ ಬಂದ ಬಿಲ್ಲನ್ನು ಎರಡನೆಯ ಸಾಧನದಲ್ಲಿ ನೋಡುವುದು ಒಳ್ಳೆಯದು. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ಎಂಬ ಉಚಿತ ಸಾಧನಗಳ ಕಟ್ಟಿನಲ್ಲಿ ಇದಕ್ಕೆಂದೇ ಒಂದು ಆಜ್ಞೆ ಇದೆ:

```
pdfsig bill.pdf
```

ಸಹಿ ಯಾರದು, ಯಾವಾಗಿನದು ಎಂಬುದರ ಜೊತೆಗೆ ಅದು ಸಹಿಯ ವ್ಯಾಪ್ತಿಯನ್ನೂ ಹೇಳುತ್ತದೆ. `Total document signed` ಎಂದು ಬಂದರೆ ಲೆಕ್ಕ ಕಡತದ ಕೊನೆಯವರೆಗೆ ಕೂಡಿದೆ. `Not total document signed` ಎಂದು ಬಂದರೆ ಸಹಿಯ ನಂತರ ಏನೋ ಸೇರಿದೆ ಎಂದರ್ಥ. ಎರಡನೆಯ ಸಹಿಯೇ ಸೇರಿರಬಹುದು, ಅದು ತಪ್ಪಲ್ಲ. ಆದರೆ ಒಂದೇ ಸಹಿಯ ಬಿಲ್ಲಿನಲ್ಲಿ ಇದು ಬಂದರೆ ಕಾರಣ ಕೇಳಬೇಕು. ಮೇಲೆ ಕೂಡಿದ 84,000ದ ಲೆಕ್ಕವನ್ನೇ ಇದು ಮಾಡುವುದು.

ಕಳಿಸುವವರ ಕಡೆಯ ತಪ್ಪುಗಳೂ ಕಡಿಮೆಯಿಲ್ಲ. ಸಹಿ ಮಾಡಿದ ಮೇಲೆ ಕಡತವನ್ನು ಡೆಲಿವರಿ ಚಲನ್ ಜೊತೆ ಜೋಡಿಸಿ ಒಂದೇ ಪಿಡಿಎಫ್ ಮಾಡುವುದು, ಸೈಜು ದೊಡ್ಡದಾಯಿತೆಂದು ಯಾವುದೋ ತಾಣದಲ್ಲಿ ಕುಗ್ಗಿಸುವುದು, ಪ್ರಿಂಟ್ ತೆಗೆದು ಮೊಹರು ಒತ್ತಿ ಸ್ಕ್ಯಾನ್ ಮಾಡುವುದು: ಈ ಮೂರರಿಂದಲೂ ಸಹಿ ಹಾಳಾಗುತ್ತದೆ ಇಲ್ಲವೇ ಮಾಯವಾಗುತ್ತದೆ. ಜೋಡಿಸುವುದಿದ್ದರೆ ಮೊದಲು ಜೋಡಿಸಿ, ಕುಗ್ಗಿಸಿ, ಕೊನೆಗೆ ಸಹಿ ಹಾಕಬೇಕು. ಸಹಿ ಹಾಕುವಾಗ "ಇನ್ನು ಯಾವ ಬದಲಾವಣೆಗೂ ಅವಕಾಶವಿಲ್ಲ" ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಬೇಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮಾಲೀಕರ ಡಿಎಸ್‌ಸಿ ಟೋಕನ್ ಎಷ್ಟೋ ಕಡೆ ಮಾಲೀಕರ ಬಳಿ ಇರುವುದಿಲ್ಲ. ರಿಟರ್ನ್ ಸಲ್ಲಿಸಲು ಅನುಕೂಲವೆಂದು ಆಡಿಟರ್ ಕಚೇರಿಯ ಡ್ರಾಯರಿನಲ್ಲಿ, ಪಿನ್ ಬರೆದ ಚೀಟಿ ಅಂಟಿಸಿಕೊಂಡು, ಇತರ ಇಪ್ಪತ್ತು ಟೋಕನ್‌ಗಳ ಜೊತೆ ಇರುತ್ತದೆ. ಗುಟ್ಟಿನ ಕೀಲಿಯ ಮೇಲಿನ ಹಿಡಿತ ಕಾಪಾಡಿಕೊಳ್ಳುವುದು ಸಹಿದಾರನ ಹೊಣೆ ಎಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೇ ಸೆಕ್ಷನ್ ಹೇಳುತ್ತದೆ. ಆ ಡ್ರಾಯರಿಗೆ ಕೈಹಾಕಬಲ್ಲ ಯಾರಾದರೂ ಮಾಲೀಕರ ಹೆಸರಿನಲ್ಲಿ ಬಿಲ್ಲಿಗಷ್ಟೇ ಅಲ್ಲ, ಕಂಪನಿಯ ದಾಖಲೆಗಳಿಗೂ ಸಹಿ ಹಾಕಬಲ್ಲರು. ಲೆಕ್ಕಿಗರನ್ನು ನಂಬಬೇಡಿ ಎಂದಲ್ಲ. ಅಧಿಕಾರ ಕೊಟ್ಟ ಸಿಬ್ಬಂದಿಗೆ ಅವರದೇ ಹೆಸರಿನ, ಕಂಪನಿಯ ಉಲ್ಲೇಖವಿರುವ ಡಿಎಸ್‌ಸಿ ಮಾಡಿಸಿಕೊಡಲು ದಾರಿ ಇದೆ. ಬಿಲ್ಲಿಗೆ ಸಹಿ ಹಾಕುವವರ ಕೈಯಲ್ಲಿ ಅದು ಇರಲಿ.

ಕಾಲದ ಪ್ರಶ್ನೆಯೂ ಇದೆ. ಡಿಎಸ್‌ಸಿಯ ಆಯಸ್ಸು ಹೆಚ್ಚೆಂದರೆ ಮೂರು ವರ್ಷ. ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರ ಇಟ್ಟುಕೊಳ್ಳಬೇಕಾದದ್ದು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು. ಐದು ವರ್ಷದ ನಂತರ ವ್ಯಾಜ್ಯ ಬಂದು ಬಿಲ್ ತೆರೆದಾಗ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಸಹಿ ಹಾಕಿದ ಹೊತ್ತಿನಲ್ಲಿ ಅದು ಊರ್ಜಿತವಾಗಿತ್ತು ಎಂದು ತೋರಿಸಬೇಕಾಗುತ್ತದೆ. ಬಿಲ್ಲಿನಲ್ಲಿ ಕಾಣುವ ಸಮಯ ಸಾಮಾನ್ಯವಾಗಿ ಸಹಿ ಹಾಕಿದ ಕಂಪ್ಯೂಟರಿನ ಗಡಿಯಾರದ್ದು, ಅದನ್ನು ಹಿಂದೆ ಮುಂದೆ ಮಾಡುವುದು ಕಷ್ಟವಲ್ಲ. ಅದಕ್ಕೇ ಟೈಮ್‌ಸ್ಟ್ಯಾಂಪ್ ಎಂಬ ಸೇವೆ ಇರುವುದು: ಮೂರನೆಯ ಸಂಸ್ಥೆಯೊಂದು ತನ್ನ ಸಹಿಯೊಡನೆ ಹೊತ್ತನ್ನು ನಮೂದಿಸುತ್ತದೆ. ಪ್ರಮಾಣಪತ್ರ ಆ ಹೊತ್ತಿಗೆ ರದ್ದಾಗಿರಲಿಲ್ಲ ಎಂಬ ದಾಖಲೆಯನ್ನೂ ಅದೇ ಕಡತದೊಳಗೆ ಸೇರಿಸಿಡಬಹುದು. ದೊಡ್ಡ ಮೊತ್ತದ ಬಿಲ್ಲುಗಳಿಗಾದರೂ ಇವೆರಡನ್ನು ಮಾಡಿಸಿಡುವುದು ಲೇಸು.

ಇಷ್ಟೆಲ್ಲ ಆದ ಮೇಲೂ ಸಹಿಗೆ ನಿಲುಕದ ಒಂದು ಜಾಗ ಉಳಿಯುತ್ತದೆ. ಕಳ್ಳ ಬಿಲ್ಲನ್ನು ಮುಟ್ಟದೆ, ಅಸಲಿ ಸಹಿಯ ಅಸಲಿ ಬಿಲ್ಲನ್ನು ಹಾಗೇ ಹೋಗಲು ಬಿಟ್ಟು, ಮರುದಿನ ಅದೇ ಇಮೇಲ್ ಖಾತೆಯಿಂದ ನಾಲ್ಕು ಸಾಲು ಬರೆಯಬಹುದು: "ಆಡಿಟ್ ನಡೆಯುತ್ತಿರುವುದರಿಂದ ನಮ್ಮ ಹಳೆಯ ಖಾತೆ ಸದ್ಯಕ್ಕೆ ಬಳಕೆಯಲ್ಲಿಲ್ಲ, ದಯವಿಟ್ಟು ಈ ಖಾತೆಗೆ ಹಾಕಿ." ಬಿಲ್ಲಿನ ಸಹಿ ಆ ಪತ್ರಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ನೆರವಿಗೆ ಬರುವ ಒಂದು ಹೊಸ ಸೌಲಭ್ಯವಿದೆ. ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ ಹಣ ಕಳಿಸುವ ಮೊದಲು ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಹಾಕಿದರೆ ಹೆಸರು ಬರುತ್ತದೆ. ಹೆಸರು ಬೇರೆ ಬಂದರೆ ಹಣ ಕಳಿಸಬಾರದು.

ಹೊಸೂರಿಗೆ ಹಿಂದಿರುಗೋಣ. ಅಲ್ಲಿನ ಅಕೌಂಟೆಂಟ್ ಪಿಡಿಎಫ್ ಅನ್ನು ಪ್ರಿವ್ಯೂನಲ್ಲಿ ನೋಡದೆ ಡೌನ್‌ಲೋಡ್ ಮಾಡಿ ರೀಡರಿನಲ್ಲಿ ತೆರೆಯುತ್ತಾರೆ. ಹಾಳೆಯ ಮೇಲೆ ಹಸಿರು ಟಿಕ್ ಇದೆ, ಹಾಳೆಯ ಹೊರಗಿನ ಪಟ್ಟಿ ಮೂಡಿಲ್ಲ. ಸಿಗ್ನೇಚರ್ ಪ್ಯಾನಲ್ ಖಾಲಿ. ಕಳೆದ ತಿಂಗಳ ಬಿಲ್ ತೆಗೆದು ನೋಡಿದರೆ ಅದರಲ್ಲಿ ಸಹಿಯೂ ಇದೆ, ಖಾತೆ ಸಂಖ್ಯೆಯೂ ಬೇರೆ. ಅವರು ಇಮೇಲ್‌ಗೆ ಉತ್ತರ ಬರೆಯುವುದಿಲ್ಲ, ಬರೆದರೆ ಓದುವವನು ಕಳ್ಳನೇ ಇರಬಹುದು. ಬಿಲ್ಲಿನ ಮೇಲೆ ಅಚ್ಚಾಗಿರುವ ಫೋನ್ ನಂಬರಿಗೂ ಮಾಡುವುದಿಲ್ಲ, ಅದನ್ನೂ ತಿದ್ದಿರಬಹುದು. ಎರಡು ವರ್ಷದ ಹಿಂದಿನ ಪರ್ಚೇಸ್ ಆರ್ಡರ್ ಫೈಲಿನಿಂದ ನಂಬರ್ ಹುಡುಕಿ ಪೀಣ್ಯಕ್ಕೆ ಫೋನ್ ಮಾಡುತ್ತಾರೆ.

"ಮೇಡಂ, ನಿಮ್ಮ ಖಾತೆ ಏನಾದ್ರೂ ಬದಲಾಗಿದ್ಯಾ?"

"ಇಲ್ಲ ಸರ್, ಯಾಕೆ? ಅದೇ ಖಾತೆ. ನಿನ್ನೆ ಬಿಲ್‌ನಲ್ಲೂ ಅದನ್ನೇ ಹಾಕಿದ್ದೆ."

"ಕೊನೆಯ ನಾಲ್ಕು ಅಂಕಿ ಒಂದ್ಸಲ ಓದಿ ನೋಡೋಣ."

ಅವಳು ಓದುತ್ತಾಳೆ. ಮೇಜಿನ ಮೇಲಿನ ಬಿಲ್ಲಿನ ಅಂಕಿಗಳಿಗೆ ಅವು ತಾಳೆಯಾಗುವುದಿಲ್ಲ. ಪೀಣ್ಯದಲ್ಲಿ ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ತಮಗೆ ಗೊತ್ತಿಲ್ಲದ ಯಾವುದಾದರೂ ವಿಳಾಸಕ್ಕೆ ಪತ್ರಗಳು ತಾವಾಗಿ ಫಾರ್ವರ್ಡ್ ಆಗುತ್ತಿವೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಹುಡುಕಲು ಕೂರುತ್ತಾರೆ. ಹೊಸೂರಿನವರು ಆ ಪಿಡಿಎಫ್ ಬಂದ ಇಮೇಲನ್ನು ಅಳಿಸದೆ ಹಾಗೇ ಇಟ್ಟುಕೊಂಡು `cybercrime.gov.in` ತಾಣದಲ್ಲಿ ದೂರು ದಾಖಲಿಸುತ್ತಾರೆ. ಹಣ ಹೋಗಿಬಿಟ್ಟಿದ್ದರೆ ತಾಣ ತೆರೆಯುವ ಮೊದಲೇ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಬೇಕಾಗುತ್ತಿತ್ತು, ಅದೂ ಆ ಹಣ ಕಳ್ಳನ ಖಾತೆಯಿಂದ ಮುಂದಿನ ಖಾತೆಗೆ ಜಿಗಿಯುವ ಮುಂಚೆ.